ತಮ್ಮನ ಕ್ರೀಡಾ ಕೋಟಾ ಅರ್ಜಿ ಪತ್ರ (ಗುಂಡು ಎಸೆತ): ಏನು ತಿದ್ದಬೇಕು ಹೇಳಿ

ಎಸೆತಗಾರನ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈಗಷ್ಟೇ ಹನ್ನೆರಡನೇ ತರಗತಿ ಮುಗಿಸಿದ್ದಾನೆ. ಗುಂಡು ಎಸೆಯುತ್ತಾನೆ. ಕ್ರೀಡಾ ಕೋಟಾದಲ್ಲಿ ಬಿ.ಕಾಂ. ಸೀಟಿಗೆ ಅರ್ಜಿ ಹಾಕುತ್ತಿದ್ದಾನೆ. ಕಾಲೇಜಿನವರು ಫಾರ್ಮ್ ಜೊತೆಗೆ ಒಂದು ಪುಟ ಮೀರದ ಪತ್ರ ಕೇಳಿದ್ದಾರೆ, ಪ್ರಮಾಣಪತ್ರಗಳ ನಕಲು ಬೇರೆ. ಅವನು ಬರೆದ ಪತ್ರವನ್ನು ಹಾಗೇ ಕೆಳಗೆ ಹಾಕಿದ್ದೇನೆ. ನನಗೆ ಓದಲು ಚೆನ್ನಾಗಿದೆ ಅನ್ನಿಸಿತು, ಆದರೆ ನನಗೆ ಆಟದ ವಿಷಯ ಅಷ್ಟು ಗೊತ್ತಿಲ್ಲ. ನಾಲ್ಕೇ ಪ್ರಮಾಣಪತ್ರ ಇವೆ, ಸಾಕಾಗುತ್ತಾ ಅನ್ನೋದೂ ಚಿಂತೆ.

> ವಿಷಯ: ಕ್ರೀಡಾ ಕೋಟಾದಲ್ಲಿ ಸೀಟು ಕೋರಿ.
>
> ಮಾನ್ಯ ಪ್ರಾಂಶುಪಾಲರೇ,
>
> ನನಗೆ ಚಿಕ್ಕಂದಿನಿಂದಲೂ ಕ್ರೀಡೆ ಎಂದರೆ ಪ್ರಾಣ. ನಾನು ಗುಂಡು ಎಸೆತದಲ್ಲಿ ರಾಷ್ಟ್ರ ಮಟ್ಟದ ಚಿನ್ನದ ಪದಕ ಪಡೆದಿದ್ದೇನೆ. ರಾಜ್ಯ ಮಟ್ಟದಲ್ಲೂ ಪದಕ ಬಂದಿದೆ. ಜಿಲ್ಲಾ ಮಟ್ಟದಲ್ಲಿ ಎರಡು ಬಾರಿ ಮೊದಲ ಸ್ಥಾನ ಬಂದಿದೆ. ನನ್ನ ಅತ್ಯುತ್ತಮ ಎಸೆತ ಸುಮಾರು 15 ಮೀಟರ್. ಇದಲ್ಲದೆ ಕಬಡ್ಡಿ, ಡಿಸ್ಕಸ್, ರಿಲೇ ಓಟದಲ್ಲೂ ಭಾಗವಹಿಸಿದ್ದೇನೆ. ನಮ್ಮದು ಬಡ ಕುಟುಂಬ. ಅಪ್ಪ ಕಷ್ಟಪಟ್ಟು ನನ್ನನ್ನು ಓದಿಸಿದ್ದಾರೆ. ತಾವು ಸೀಟು ಕೊಟ್ಟರೆ ನಿಮ್ಮ ಕಾಲೇಜಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಕೀರ್ತಿ ತರುತ್ತೇನೆ ಎಂದು ಭರವಸೆ ಕೊಡುತ್ತೇನೆ.

ಸ್ಟಾಪ್ ಬೋರ್ಡ್

ಅಕ್ಕ, ನಾನು ಹಲವು ವರ್ಷ ಕಾಲೇಜೊಂದರ ಆಯ್ಕೆ ಸಮಿತಿಯಲ್ಲಿ ಕೂತಿದ್ದೇನೆ. ಎಸೆತದವರ ಪತ್ರಗಳು ನನ್ನ ಮುಂದೆ ಬರುತ್ತಿದ್ದವು. ಈ ಪತ್ರ ಓದಿದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ. 15 ಮೀಟರ್ ಸರಿ, ಎಷ್ಟು ತೂಕದ ಗುಂಡು?

ಹುಡುಗರಿಗೆ 18ರ ಒಳಗೆ 5 ಕೆಜಿ ಗುಂಡು. 20ರ ಒಳಗೆ 6 ಕೆಜಿ. ದೊಡ್ಡವರಿಗೆ 7.26 ಕೆಜಿ. ಕಾಲೇಜಿಗೆ ಬಂದು ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋದರೆ ಹುಡುಗ ಎಸೆಯಬೇಕಾದದ್ದು 7.26. ಅಲ್ಲಿ ವಯಸ್ಸು 18 ಆದರೂ ರಿಯಾಯಿತಿ ಇಲ್ಲ. ಹಾಗಾಗಿ 5 ಕೆಜಿಯಲ್ಲಿ 15 ಮೀಟರ್ ಎಸೆದವನೂ 7.26ರಲ್ಲಿ 15 ಮೀಟರ್ ಎಸೆದವನೂ ಸಮಿತಿಗೆ ಒಂದೇ ಅಲ್ಲ. ಮೊದಲನೆಯವನು ಒಳ್ಳೆ ಶಾಲಾ ಎಸೆತಗಾರ. ಎರಡನೆಯವನು ಸೇರಿದ ವರ್ಷವೇ ವಿಶ್ವವಿದ್ಯಾಲಯದ ತಂಡಕ್ಕೆ ಪೈಪೋಟಿ ಕೊಡಬಲ್ಲ. ತೂಕ ಬರೆಯದಿದ್ದರೆ ನಾವು ಹಗುರದ ಗುಂಡು ಅಂತಲೇ ಅಂದುಕೊಳ್ಳುತ್ತಿದ್ದೆವು. ಅದು ಹುಡುಗನಿಗೇ ನಷ್ಟ.

'ಸುಮಾರು' ಅನ್ನೋ ಪದವನ್ನೂ ತೆಗೆಯಿರಿ. ಗುಂಡು ಎಸೆತದಲ್ಲಿ ಸುಮಾರು ಅಂತ ಏನೂ ಇಲ್ಲ. ಟೇಪ್ ಹಿಡಿದು ಸೆಂಟಿಮೀಟರ್‌ವರೆಗೆ ಅಳೆಯುತ್ತಾರೆ, ಅದಕ್ಕಿಂತ ಚಿಕ್ಕದನ್ನು ಬಿಟ್ಟುಬಿಡುತ್ತಾರೆ. ಅವನ ದೂರ 14 ಚಿಲ್ಲರೆ ಇದ್ದರೆ ಅದನ್ನೇ ಬರೆಯಲಿ. ಸುಮಾರು 15 ಅಂದರೆ 14.3 ಇರಬಹುದು ಅಂತ ಓದುವವರು ಲೆಕ್ಕ ಹಾಕುತ್ತಾರೆ.

ದಯವಿಟ್ಟು ಪ್ರತಿ ಕೂಟದ ತೂಕ, ದೂರ, ಸ್ಥಾನ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಗೆರೆ ಮುಟ್ಟಿದವ

ನಾನು ಓಟಗಾರ. ಇದೇ ತಪ್ಪು ನಾನೂ ಮಾಡಿದ್ದೆ, ಬೇರೆ ರೂಪದಲ್ಲಿ. ನನ್ನ ಪತ್ರದಲ್ಲಿ 100 ಮೀಟರ್ 11.10 ಅಂತ ಬರೆದೆ. ಅದು ನಮ್ಮ ಪಿಟಿ ಸರ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತೆಗೆದ ಟೈಮ್. ಕೈಯಲ್ಲಿ ತೆಗೆದದ್ದನ್ನು 11.1 ಅಂತ ಒಂದೇ ಅಂಕಿಗೆ ಬರೆಯಬೇಕು. ಎರಡು ಅಂಕಿ ಬರೆದರೆ ಎಲೆಕ್ಟ್ರಾನಿಕ್ ಟೈಮ್ ಅಂತ ಅರ್ಥ. ಟ್ರಯಲ್‌ನಲ್ಲಿ ಎಲೆಕ್ಟ್ರಾನಿಕ್‌ನಲ್ಲಿ 11.38 ಬಂತು. ಅಲ್ಲಿದ್ದ ಕೋಚ್ ನೇರವಾಗಿ ಕೇಳಿದರು, 'ಇಷ್ಟು ವ್ಯತ್ಯಾಸ ಯಾಕೆ? ಪತ್ರದಲ್ಲಿ ಸುಳ್ಳು ಬರೆದಿದ್ದೀಯಾ?' 100 ಮೀಟರ್‌ಗೆ ಕೈ ಟೈಮ್‌ಗೂ ಎಲೆಕ್ಟ್ರಾನಿಕ್ ಟೈಮ್‌ಗೂ ಸಾಮಾನ್ಯವಾಗಿ 0.24 ಸೆಕೆಂಡ್ ವ್ಯತ್ಯಾಸ ಹಿಡಿಯುತ್ತಾರೆ. ನನ್ನ ಓಟ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. ಬರೆದ ರೀತಿ ತಪ್ಪಾಗಿತ್ತು. ಸೀಟು ಸಿಗಲಿಲ್ಲ. ಅದಕ್ಕೇ ಸಿಗಲಿಲ್ಲ ಅಂತ ಹೇಳಲಾರೆ, ಆದರೆ ಆ ಪ್ರಶ್ನೆಗೆ ನಾನು ತಡವರಿಸಿದ್ದು ಇನ್ನೂ ನೆನಪಿದೆ.

ಎಸೆತಗಾರನ ಅಕ್ಕ

ತುಂಬ ಥ್ಯಾಂಕ್ಸ್. ಅವನನ್ನು ಕೂರಿಸಿಕೊಂಡು ಪ್ರಮಾಣಪತ್ರ ಎಲ್ಲ ತೆಗೆದು ನೋಡಿದೆ. ಹೀಗಿದೆ.

ಹೋದ ವರ್ಷ ಜಿಲ್ಲಾ ಮಟ್ಟದ ಶಾಲಾ ಕೂಟ, 17ರ ಒಳಗೆ, 5 ಕೆಜಿ, 14.62, ಮೊದಲ ಸ್ಥಾನ. ಈ ವರ್ಷ ಜಿಲ್ಲಾ ಮಟ್ಟ, 19ರ ಒಳಗೆ, 6 ಕೆಜಿ, 13.41, ಮೊದಲ ಸ್ಥಾನ. ಈ ವರ್ಷವೇ ರಾಜ್ಯ ಮಟ್ಟದ ಶಾಲಾ ಕೂಟ, 6 ಕೆಜಿ, 13.86, ಮೂರನೇ ಸ್ಥಾನ. ನಾಲ್ಕನೆಯದು ರಾಷ್ಟ್ರ ಮಟ್ಟದ್ದು. ಅದು ಹೋದ ವರ್ಷ, 5 ಕೆಜಿ, 14.90, ಚಿನ್ನ. 15 ಅಂದದ್ದು ಅದನ್ನೇ.

7.26 ಅವನು ಇದುವರೆಗೂ ಕೂಟದಲ್ಲಿ ಎಸೆದಿಲ್ಲವಂತೆ.

ಕಡತದ ಮೇಜು

ನಾನು ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವಳು. ಆಟ ಗೊತ್ತಿಲ್ಲ, ಕಾಗದ ಗೊತ್ತು. ಆ ರಾಷ್ಟ್ರ ಮಟ್ಟದ ಪ್ರಮಾಣಪತ್ರ ಕೊಟ್ಟವರು ಯಾರು? ಸಂಸ್ಥೆಯ ಹೆಸರು ಇಲ್ಲಿ ಹಾಕಬೇಡಿ. ಇಷ್ಟು ಹೇಳಿ ಸಾಕು. ಅಲ್ಲಿಗೆ ಹೋಗಲು ರಾಜ್ಯ ತಂಡಕ್ಕೆ ಆಯ್ಕೆ ನಡೆದಿತ್ತಾ? ಅವನು ರಾಜ್ಯದ ತಂಡದ ಹೆಸರಲ್ಲಿ ಹೋದನಾ, ಅಥವಾ ಶುಲ್ಕ ಕಟ್ಟಿ ನೇರ ಹೋದನಾ?

ಎಸೆತಗಾರನ ಅಕ್ಕ

ಶುಲ್ಕ ಕಟ್ಟಿ ಹೋಗಿದ್ದು. ಆಯ್ಕೆ ಏನೂ ಇರಲಿಲ್ಲ. ಯಾರೋ ಪರಿಚಯದವರು ಹೇಳಿದರು, ಹೆಸರು ಕೊಟ್ಟೆವು. ಅವನ ಗುಂಪಿನಲ್ಲಿ ನಾಲ್ಕು ಹುಡುಗರು ಇದ್ದರಂತೆ. ಪದಕ, ಪ್ರಮಾಣಪತ್ರ ಎಲ್ಲ ಚೆನ್ನಾಗಿಯೇ ಕೊಟ್ಟರು. ಅದರಲ್ಲಿ ಏನಾದರೂ ತೊಂದರೆ ಇದೆಯಾ? ಮನೆಯಲ್ಲಿ ಅದನ್ನೇ ಫ್ರೇಮ್ ಹಾಕಿ ಇಟ್ಟಿದ್ದೇವೆ.

ಕಡತದ ಮೇಜು

ಫ್ರೇಮ್ ಹಾಗೇ ಇರಲಿ. ಹುಡುಗ ಅವತ್ತು ಎಸೆದದ್ದು ನಿಜ. ಆದರೆ ಪತ್ರದ ಮೊದಲ ಸಾಲಿಗೆ ಅದು ಬೇಡ.

ಅಥ್ಲೆಟಿಕ್ಸ್‌ನಲ್ಲಿ ರಾಷ್ಟ್ರ ಮಟ್ಟ ಅಂದರೆ ಕಾಲೇಜುಗಳು ಸಾಮಾನ್ಯವಾಗಿ ಎರಡು ಕಡೆ ನೋಡುತ್ತವೆ. ಒಂದು, ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾ ನಡೆಸುವ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಇನ್ನೊಂದು, ಅಥ್ಲೆಟಿಕ್ಸ್ ಫೆಡರೇಷನ್ ಆಫ್ ಇಂಡಿಯಾದ ರಾಷ್ಟ್ರೀಯ ಕೂಟಗಳು. ಎರಡಕ್ಕೂ ಹುಡುಗ ರಾಜ್ಯದ ಪರವಾಗಿ ಹೋಗಬೇಕು ಅಥವಾ ನಿಗದಿಯಾದ ಅರ್ಹತೆ ದಾಟಿರಬೇಕು. 'ನ್ಯಾಷನಲ್', 'ಆಲ್ ಇಂಡಿಯಾ' ಅಂತ ಹೆಸರಿಟ್ಟುಕೊಂಡು ಕೂಟ ನಡೆಸುವ ಖಾಸಗಿ ಸಂಸ್ಥೆಗಳು ಬಹಳ ಇವೆ. ಹೆಸರಿನಲ್ಲಿ ಫೆಡರೇಷನ್ ಅಂತಲೂ ಇರುತ್ತದೆ. ಶುಲ್ಕ ಕಟ್ಟಿದವರೆಲ್ಲ ಆಡಬಹುದು. ಅವರ ಪ್ರಮಾಣಪತ್ರಕ್ಕೆ ಹೆಚ್ಚಿನ ಕಡೆ ಅಂಕವೇ ಇಲ್ಲ.

ಅಂಕ ಸಿಗದಿದ್ದರೆ ಸುಮ್ನೆ ಪಕ್ಕಕ್ಕೆ ಇಡುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಮೇಜಿನ ಮೇಲೆ ಆಗುತ್ತಿದ್ದದ್ದು ಹೀಗೆ. ಪತ್ರದ ಮೊದಲ ಸಾಲಲ್ಲಿ ರಾಷ್ಟ್ರ ಚಿನ್ನ ಅಂತ ಇರುತ್ತದೆ. ಪ್ರಮಾಣಪತ್ರ ತಿರುವಿದರೆ ಮಾನ್ಯತೆ ಇಲ್ಲದ ಸಂಸ್ಥೆ. ಆಮೇಲೆ ಅದರ ಕೆಳಗಿನ ಪ್ರತಿ ಸಾಲನ್ನೂ ಅನುಮಾನದಿಂದ ಓದುತ್ತೇವೆ. ರಾಜ್ಯದ ಕಂಚು ನಿಜವಾದದ್ದು, ಒಳ್ಳೆಯದು. ಅದೂ ಆ ಅನುಮಾನದ ಕೆಳಗೆ ಬಿದ್ದುಬಿಡುತ್ತದೆ.

ನಾಲ್ಕು ಸಾಕಾ ಅಂತ ಕೇಳಿದ್ರಿ. ಹಲವು ಕಾಲೇಜುಗಳಲ್ಲಿ ಎಲ್ಲ ಪ್ರಮಾಣಪತ್ರ ಕೂಡಿಸಿ ಅಂಕ ಕೊಡುವುದಿಲ್ಲ. ಎಲ್ಲಕ್ಕಿಂತ ಮೇಲಿನ ಒಂದಕ್ಕೆ ಕೊಡುತ್ತಾರೆ. ನಿಮ್ಮ ಕಾಲೇಜಿನ ಪ್ರವೇಶ ಪುಸ್ತಕದಲ್ಲಿ ನಿಯಮ ನೋಡಿ. ಹಾಗಿದ್ದರೆ ಅವನದು ರಾಜ್ಯ ಮೂರನೇ ಸ್ಥಾನ. ಉಳಿದವು ಅವನು ನಿರಂತರವಾಗಿ ಎಸೆಯುತ್ತಿದ್ದಾನೆ ಅನ್ನೋದಕ್ಕೆ ಸಾಕ್ಷಿ, ಅಷ್ಟೇ.

ನೇರ ಮಾತು

ಇದೆಲ್ಲ ಬಿಡಿ, ಮುಖ್ಯವಾದದ್ದು ಫಾರ್ಮ್ 4. ಶಾಲಾ ಕೂಟದ ಪ್ರಮಾಣಪತ್ರ ಇದ್ದರೆ ಫಾರ್ಮ್ 4ರಲ್ಲಿ ಶಿಕ್ಷಣ ಇಲಾಖೆಯಿಂದ ಸಹಿ ಮಾಡಿಸಬೇಕು. ಅದಿಲ್ಲದೆ ಕ್ರೀಡಾ ಕೋಟಾ ಯಾರೂ ಒಪ್ಪುವುದಿಲ್ಲ. ನಮ್ಮಣ್ಣನಿಗೆ ಅದೇ ಕೇಳಿದರು.

ಕಡತದ ಮೇಜು

ನಿಮ್ಮಣ್ಣ ಕೇಂದ್ರ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕಿದ್ದರಾ? ಫಾರ್ಮ್ 1ರಿಂದ ಶುರುವಾಗುವ ಆ ನಮೂನೆಗಳು ಕ್ರೀಡಾ ಕೋಟಾದ ನೇಮಕಾತಿಗೆ. ಅದರಲ್ಲೂ 4ನೆಯದು ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯದ ಪರ ಆಡಿದವರಿಗೆ. ಈ ಹುಡುಗ ಅಲ್ಲಿಗೆ ಹೋಗಿಲ್ಲ, ಹಾಗಾಗಿ ಆ ಫಾರ್ಮ್ ಅವನಿಗೆ ಯಾರೂ ಕೊಡುವುದೂ ಇಲ್ಲ. ಕಾಲೇಜು ಸೀಟಿಗೆ ಆಯಾ ಕಾಲೇಜು ಅಥವಾ ವಿಶ್ವವಿದ್ಯಾಲಯ ಏನು ಕೇಳುತ್ತದೋ ಅದು. ಕೆಲವರು ಅದೇ ಥರದ ನಮೂನೆ ಕೇಳುತ್ತಾರೆ, ಅದು ನಿಜ. ಹಾಗಾಗಿ ನೀವು ಹೇಳಿದ್ದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅಕ್ಕ, ಪ್ರವೇಶ ಪುಸ್ತಕದಲ್ಲಿ ನಮೂನೆ ಕೊಟ್ಟಿದ್ದಾರಾ ನೋಡಿಕೊಳ್ಳಿ.

ನೇರ ಮಾತು

ಹೌದು, ರೈಲ್ವೆ ಕೆಲಸಕ್ಕೆ. ಕಾಲೇಜಿಗೂ ಅದೇ ಅಂದುಕೊಂಡಿದ್ದೆ.

ನೆಟ್ ಹತ್ತಿರ

ನನ್ನ ಮಗಳು ವಾಲಿಬಾಲ್. ಅವಳ ಪತ್ರದಲ್ಲಿ ಎತ್ತರ, ಯಾವ ಜಾಗದಲ್ಲಿ ಆಡುತ್ತಾಳೆ, ಜಿಗಿದಾಗ ಕೈ ಎಷ್ಟು ಎತ್ತರ ಮುಟ್ಟುತ್ತದೆ, ಎಲ್ಲ ಬರೆದಿದ್ದೆವು. ಸೆಟ್ಟರ್ ಬೇಕಿದ್ದ ಕಾಲೇಜಿನವರು ತಕ್ಷಣ ಕರೆದರು. ಹಾಗಾಗಿ ನಿಮ್ಮ ತಮ್ಮ ಯಾವ ಜಾಗದಲ್ಲಿ ಆಡುತ್ತಾನೆ ಅಂತ ಬರೆಯಿರಿ. ವಿದ್ಯಾರ್ಥಿವೇತನ ಎಷ್ಟು ಸಿಗುತ್ತೆ ಅಂತಲೂ ಅದೇ ಪತ್ರದಲ್ಲಿ ಕೇಳಿಬಿಡಿ.

ಸ್ಟಾಪ್ ಬೋರ್ಡ್

ಅಮ್ಮ, ಇದು ಗುಂಡು ಎಸೆತ, ಆಡುವ ಜಾಗ ಅಂತ ಇರುವುದಿಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಒಳ್ಳೆ ವಿಷಯ ಇದೆ. ಕೋಚ್‌ಗೆ ಬೇಕಾದ ವಿವರ ಕೊಟ್ಟರೆ ಅವರು ಪತ್ರವನ್ನು ಕೆಳಗಿಡುವುದಿಲ್ಲ. ಗುಂಡು ಎಸೆತದಲ್ಲಿ ಆ ವಿವರ ಅಂದರೆ ಎತ್ತರ, ತೂಕ, ಯಾವ ಕೈ, ಮತ್ತು ಗ್ಲೈಡ್ ಮಾಡುತ್ತಾನಾ, ಅಂದರೆ ವೃತ್ತದ ಹಿಂದಿನಿಂದ ಮುಂದಕ್ಕೆ ಜಾರಿಕೊಂಡು ಬಂದು ಎಸೆಯುತ್ತಾನಾ, ಇಲ್ಲಾ ಸುತ್ತಿ ಎಸೆಯುತ್ತಾನಾ ಅನ್ನೋದು. ಇಷ್ಟು ಒಂದೇ ಸಾಲು. ಅದನ್ನು ನೋಡಿದರೆ ಇವನ ಮೇಲೆ ಎಷ್ಟು ಕೆಲಸ ಮಾಡಬೇಕು ಅಂತ ಕೋಚ್‌ಗೆ ಅಂದಾಜು ಸಿಗುತ್ತದೆ. ವಿದ್ಯಾರ್ಥಿವೇತನದ ಪ್ರಶ್ನೆ ಮಾತ್ರ ಈ ಪತ್ರದಲ್ಲಿ ಬೇಡ.

ಈಗ ಅಕ್ಕನ ಪಟ್ಟಿಗೆ ಬರುತ್ತೇನೆ. 5 ಕೆಜಿಯಲ್ಲಿ 14.62 ಎಸೆದವನು ಮುಂದಿನ ವರ್ಷ 6 ಕೆಜಿಯಲ್ಲಿ 13.86 ಎಸೆದಿದ್ದಾನೆ. ಗೊತ್ತಿಲ್ಲದವರು ನೋಡಿದರೆ ಹುಡುಗ ಹಿಂದೆ ಬಿದ್ದ ಅನ್ನುತ್ತಾರೆ. ಅಲ್ಲ. ಒಂದು ಕೆಜಿ ಜಾಸ್ತಿ ಹೊತ್ತು ಮುಕ್ಕಾಲು ಮೀಟರ್ ಮಾತ್ರ ಕಳೆದುಕೊಂಡಿದ್ದಾನೆ. ನಾನು ತರಬೇತಿ ಕೊಟ್ಟ ಹುಡುಗರಲ್ಲಿ ತೂಕ ಬದಲಾದಾಗ ಒಂದರಿಂದ ಒಂದೂವರೆ ಮೀಟರ್ ಕಡಿಮೆಯಾಗುವುದು ಮಾಮೂಲು. ಅಂದರೆ ಇವನು ಆ ವರ್ಷ ನಿಜವಾಗಿ ಬೆಳೆದಿದ್ದಾನೆ. ಅದೇ ವರ್ಷದೊಳಗೆ ಜಿಲ್ಲೆಯಿಂದ ರಾಜ್ಯಕ್ಕೆ 45 ಸೆಂಟಿಮೀಟರ್ ಏರಿದ್ದಾನೆ. ದೊಡ್ಡ ಕೂಟದಲ್ಲಿ ಇನ್ನೂ ಚೆನ್ನಾಗಿ ಎಸೆಯುವ ಹುಡುಗ. ಅವನ ಪತ್ರದಲ್ಲಿ ಹೇಳಬೇಕಾದ ಕಥೆ ಇದು. ಈಗಿನ ಪತ್ರದಲ್ಲಿ ಅದರ ಒಂದಕ್ಷರವೂ ಇಲ್ಲ.

ಇನ್ನೊಂದು ಕೆಲಸ ಮಾಡಿಸಿ. ಶಾಲೆಯಲ್ಲೋ ಮೈದಾನದಲ್ಲೋ 7.26 ಗುಂಡು ಸಿಕ್ಕರೆ ಆರು ಎಸೆತ ಎಸೆಯಲಿ. ಸರಿಯಾದ ವೃತ್ತ ಇರಲಿ. ಅಡ್ಡಳತೆ 2.135 ಮೀಟರ್, ಮುಂದಿನ ಅಂಚಿನಲ್ಲಿ ಕಾಲು ತಡೆಯುವ ಪಟ್ಟಿ, ಅದೇ ಸ್ಟಾಪ್ ಬೋರ್ಡ್. ಎಸೆದಮೇಲೆ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕು. ಸ್ಟೀಲ್ ಟೇಪ್‌ನಲ್ಲಿ ಅಳೆಯಲಿ. ಫೌಲ್ ಆದರೆ ಫೌಲ್ ಅಂತ ಬರೆದುಕೊಳ್ಳಲಿ.

ಎಸೆತಗಾರನ ಅಕ್ಕ

ಇವತ್ತು ಬೆಳಿಗ್ಗೆ ಎಸೆದ. ಪಿಟಿ ಸರ್ ಬಂದು ಅಳೆದರು. ಫೌಲ್, 11.32, 11.58, ಫೌಲ್, 11.84, 11.61. ತುಂಬ ಬೇಜಾರು ಮಾಡಿಕೊಂಡಿದ್ದಾನೆ. 13.86 ಎಲ್ಲಿ, 11.84 ಎಲ್ಲಿ ಅಂತ. ಇದನ್ನು ಪತ್ರದಲ್ಲಿ ಹಾಕಿದರೆ ಸೀಟು ಖಂಡಿತ ಹೋಯ್ತು ಅಂತಿದ್ದಾನೆ. ನನಗೂ ಭಯ ಆಗುತ್ತಿದೆ.

ಗೆರೆ ಮುಟ್ಟಿದವ

ನಾನಾದರೆ ಹಾಕಲ್ಲ. ಕೇಳಿದರೆ ಹೇಳಿದರಾಯ್ತು. ಕೂಟದ ಅಂಕಿ ಬೇರೆ, ಅಭ್ಯಾಸದ ಅಂಕಿ ಬೇರೆ. ಅಭ್ಯಾಸದ್ದಕ್ಕೆ ಪ್ರಮಾಣಪತ್ರ ಇಲ್ಲ, ಅಂದಮೇಲೆ ಅದನ್ನು ಬರೆಯಬೇಕು ಅಂತ ಯಾಕೆ?

ಸ್ಟಾಪ್ ಬೋರ್ಡ್

ಎರಡು ಮೀಟರ್ ಅಂತರ ಸ್ವಲ್ಪ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಅವನು ಈ ಗುಂಡನ್ನು ಹಿಡಿದದ್ದೇ ಇವತ್ತು ಅಲ್ವಾ? ಫೌಲ್‌ಗಳು ಹೇಗಾದವು?

ಎಸೆತಗಾರನ ಅಕ್ಕ

ಎರಡೂ ಸಲ ಎಸೆದಮೇಲೆ ಮುಂದಕ್ಕೆ ವಾಲಿ ಬೋರ್ಡಿನ ಮೇಲೆ ಕಾಲಿಟ್ಟ. ಭಾರ ಎಳೆದುಕೊಂಡು ಹೋದಹಾಗೆ ಇತ್ತು.

ಸ್ಟಾಪ್ ಬೋರ್ಡ್

ಅದೇ ವಿಷಯ. 6 ಕೆಜಿಗೆ ಒಗ್ಗಿದ ಹುಡುಗ ಅದೇ ವೇಗದಲ್ಲಿ ಗ್ಲೈಡ್ ಮಾಡುತ್ತಾನೆ. 1.26 ಕೆಜಿ ಜಾಸ್ತಿ ಇರುವ ಗುಂಡು ಕೈ ತಳ್ಳುವ ಮೊದಲೇ ಭುಜವನ್ನು ಕೆಳಕ್ಕೆ ಎಳೆಯುತ್ತದೆ. ಮೈ ಗುಂಡಿನ ಮುಂದೆ ಹೋಗಿಬಿಡುತ್ತದೆ. ಗುಂಡು ತಗ್ಗಾಗಿ ಹೋಗುತ್ತದೆ, ಕಾಲು ಬೋರ್ಡ್ ದಾಟುತ್ತದೆ. ಇದು ಶಕ್ತಿ ಇಲ್ಲದ ಲಕ್ಷಣ ಅಲ್ಲ, ಅಭ್ಯಾಸ ಇಲ್ಲದ ಲಕ್ಷಣ. ಕೆಲವು ವಾರ ಗ್ಲೈಡ್ ಬಿಟ್ಟು ನಿಂತಲ್ಲಿಂದಲೇ ಎಸೆದು, ಆಮೇಲೆ ನಿಧಾನಕ್ಕೆ ಗ್ಲೈಡ್ ಸೇರಿಸಿಕೊಂಡರೆ ಎಷ್ಟೋ ಸರಿಹೋಗುತ್ತದೆ. ನೋಡಿ, ಫೌಲ್ ಬಿಟ್ಟು ಲೆಕ್ಕ ಹಾಕಿದರೆ ಐದನೇ ಎಸೆತದವರೆಗೆ 11.32, 11.58, 11.84 ಅಂತ ಏರಿದ್ದಾನೆ. ಒಂದೇ ಬೆಳಿಗ್ಗೆಯಲ್ಲಿ.

ಬರೆಯಬೇಕಾ ಬೇಡವಾ ಅನ್ನೋದಕ್ಕೆ ನನ್ನ ಉತ್ತರ, ಬರೆಯಿರಿ. ಟ್ರಯಲ್‌ನಲ್ಲಿ 7.26 ಕೊಟ್ಟರೆ ಹೇಗೂ ಎಲ್ಲರಿಗೂ ಕಾಣುತ್ತದೆ. ಪತ್ರದಲ್ಲಿ ಮೊದಲೇ ಹೇಳಿದ್ದರೆ, ಈ ಹುಡುಗನಿಗೆ ತನ್ನ ಸ್ಥಿತಿ ಗೊತ್ತು ಅಂತ ಕೋಚ್ ತಿಳಿಯುತ್ತಾರೆ. ಹೇಳದೆ ಹೋಗಿ ಅಲ್ಲಿ 11.5 ಬಿದ್ದರೆ 13.86ರ ಮೇಲೆಯೇ ಅನುಮಾನ ಬರುತ್ತದೆ.

ಗೆರೆ ಮುಟ್ಟಿದವ

ಒಪ್ಪಲು ಕಷ್ಟ ಸರ್. ಎಲ್ಲ ಕಡೆಯೂ ನಿಮ್ಮಂಥ ಕೋಚ್ ಓದುವುದಿಲ್ಲ. ಪ್ರಾಂಶುಪಾಲರು ಓದಿದರೆ 11.84 ಒಂದೇ ಕಣ್ಣಿಗೆ ಬೀಳುತ್ತದೆ. ಪಕ್ಕದ ಅರ್ಜಿಯಲ್ಲಿ 5 ಕೆಜಿಯ 15 ಮೀಟರ್ ಇರುತ್ತದೆ, ತೂಕ ಬರೆಯದೆ. ಯಾರು ಮೇಲೆ ಹೋಗುತ್ತಾರೆ?

ಸ್ಟಾಪ್ ಬೋರ್ಡ್

ಅದು ನ್ಯಾಯವಾದ ಪ್ರಶ್ನೆ. ಹಾಗಾಗಬಾರದು ಅಂತಲೇ ನಾನು ಹೇಳುವುದು, ಪತ್ರ ಪ್ರಾಂಶುಪಾಲರ ಹೆಸರಿಗೆ ಇರಲಿ, ಆದರೆ 'ದೈಹಿಕ ಶಿಕ್ಷಣ ನಿರ್ದೇಶಕರ ಮೂಲಕ' ಅಂತ ಸೇರಿಸಿ. ಆಗ ಮೊದಲು ಆಟ ಗೊತ್ತಿರುವವರ ಕೈಗೆ ಹೋಗುವ ಸಾಧ್ಯತೆ ಜಾಸ್ತಿ. ತೂಕವನ್ನು ಪ್ರತಿ ದೂರದ ಪಕ್ಕದಲ್ಲೇ ಬರೆದರೆ ಗೊತ್ತಿಲ್ಲದವರೂ ವ್ಯತ್ಯಾಸ ಗಮನಿಸುತ್ತಾರೆ. ಅಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಒಪ್ಪುತ್ತೇನೆ.

ಮೂರನೇ ಬೆಂಚು

ನಾನು ಬೇರೆ ವಿಷಯ ಹೇಳಬೇಕು. ಆ 'ಬಡ ಕುಟುಂಬ, ಅಪ್ಪ ಕಷ್ಟಪಟ್ಟು' ಅನ್ನೋ ಸಾಲು. ಅದನ್ನು ತೆಗೆಯಿರಿ ಅಂತ ಯಾರೂ ಹೇಳಲಿಲ್ಲ. ತೆಗೆಯಬಾರದು ಅಂತ ನನ್ನ ಅನಿಸಿಕೆ. ಅವನು ಹೇಗೆ ಅಭ್ಯಾಸ ಮಾಡಿದ ಅನ್ನೋದು ಅವನ ಸಾಧನೆಯ ಭಾಗ.

ಕಡತದ ಮೇಜು

ನಿಮ್ಮ ಮಾತು ಅರ್ಥವಾಗುತ್ತೆ. ಆದರೆ ಕ್ರೀಡಾ ಕೋಟಾದ ಅಂಕಪಟ್ಟಿಯಲ್ಲಿ ಪ್ರಮಾಣಪತ್ರ, ಟ್ರಯಲ್, ಕೆಲವು ಕಡೆ ಪರೀಕ್ಷೆಯ ಅಂಕ ಇರುತ್ತವೆ. ಮನೆಯ ಆದಾಯಕ್ಕೆ ಅಲ್ಲಿ ಜಾಗ ಇಲ್ಲ. ಆದಾಯಕ್ಕೆ ಜಾಗ ಇರುವುದು ಶುಲ್ಕ ವಿನಾಯಿತಿ ಮತ್ತು ವಿದ್ಯಾರ್ಥಿವೇತನದ ಅರ್ಜಿಯಲ್ಲಿ. ಅಲ್ಲಿ ಆದಾಯ ಪ್ರಮಾಣಪತ್ರದ ಜೊತೆ ಇದೇ ಸಾಲುಗಳನ್ನು ಧಾರಾಳವಾಗಿ ಬರೆಯಲಿ. ಇಲ್ಲಿ ಇರುವುದು ಒಂದೇ ಪುಟ. ಆ ಸಾಲುಗಳ ಜಾಗ 6 ಕೆಜಿಯ ಕಥೆಗೆ ಬೇಕು.

ಮೂರನೇ ಬೆಂಚು

ಹಾಗಾದರೆ ಅಭ್ಯಾಸದ ವಿಷಯ ಬರೆಯಬಹುದಲ್ಲ? ಕೋಚ್ ಇದ್ದಾರಾ ಇಲ್ಲವಾ, ವ್ಯಾಯಾಮಶಾಲೆ ಇದೆಯಾ ಇಲ್ಲವಾ.

ಸ್ಟಾಪ್ ಬೋರ್ಡ್

ಖಂಡಿತ. ಅದು ಕರುಣೆಯ ಸಾಲಲ್ಲ, ಕೋಚ್‌ಗೆ ತುಂಬ ಉಪಯೋಗದ ಮಾಹಿತಿ. ಭಾರ ಎತ್ತುವ ತರಬೇತಿಯೇ ಇಲ್ಲದೆ 6 ಕೆಜಿಯನ್ನು 13.86 ಎಸೆದಿದ್ದರೆ, ಆ ಹುಡುಗನಲ್ಲಿ ಇನ್ನೂ ತೆಗೆಯದ ದೂರ ಇದೆ ಅಂತ ಅರ್ಥ. ನಾಲ್ಕು ವರ್ಷ ವ್ಯಾಯಾಮಶಾಲೆಯಲ್ಲಿ ಪಳಗಿ ಅಷ್ಟೇ ಎಸೆದಿದ್ದರೆ ಲೆಕ್ಕ ಬೇರೆ. ಅಕ್ಕ, ಅವನು ಎಷ್ಟು ದಿನ, ಹೇಗೆ ಅಭ್ಯಾಸ ಮಾಡುತ್ತಾನೆ?

ಎಸೆತಗಾರನ ಅಕ್ಕ

ವಾರಕ್ಕೆ ಐದು ದಿನ ಶಾಲೆಯ ಮೈದಾನದಲ್ಲಿ. ಪಿಟಿ ಸರ್ ನೋಡಿಕೊಳ್ಳುತ್ತಾರೆ, ಅವರು ಓಟದವರು. ಎಸೆತಕ್ಕೆ ಅಂತ ಕೋಚ್ ಇಲ್ಲ. ಭಾರ ಎತ್ತುವ ತರಬೇತಿ ಇಲ್ಲವೇ ಇಲ್ಲ. ಇದನ್ನು ಬರೆದರೆ ದೂರು ಹೇಳಿದ ಹಾಗೆ ಆಗುತ್ತೆ ಅಂತ ಅವನು ಬಿಟ್ಟಿದ್ದನಂತೆ.

ಇನ್ನೆರಡು ಪ್ರಶ್ನೆ. ರಾಜ್ಯದ ಪ್ರಮಾಣಪತ್ರದಲ್ಲಿ ಅವನ ಹೆಸರಿನ ಇನಿಷಿಯಲ್ ಬಿಟ್ಟಿದ್ದಾರೆ. ಅಂಕಪಟ್ಟಿಯಲ್ಲಿ ಇದೆ. ಮತ್ತೆ ಕಬಡ್ಡಿ, ಡಿಸ್ಕಸ್ ಇರಲಾ?

ಕಡತದ ಮೇಜು

ಇನಿಷಿಯಲ್ ವಿಷಯ ಸಣ್ಣದು ಅಂತ ಬಿಡಬೇಡಿ. ನಾವು ಪ್ರಮಾಣಪತ್ರವನ್ನು ಪರಿಶೀಲನೆಗೆ ಕಳಿಸಿದಾಗ ಹೆಸರು, ಹುಟ್ಟಿದ ದಿನ, ಕ್ರಮಸಂಖ್ಯೆ ಮೂರನ್ನೂ ಹೋಲಿಸುತ್ತಾರೆ. ಒಂದು ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಪ್ರವೇಶದ ಕೊನೆ ದಿನ ಬಂದುಬಿಡುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರಿಂದ ಎರಡೂ ಹೆಸರು ಒಬ್ಬನದೇ ಅಂತ ಒಂದು ದೃಢೀಕರಣ ತೆಗೆದುಕೊಳ್ಳಿ. ಶಾಲಾ ಕೂಟ ಆದ್ದರಿಂದ ಅವರ ದಾಖಲೆಯಲ್ಲಿ ಅವನು ತಂಡದಲ್ಲಿ ಹೋದದ್ದು ಇರುತ್ತದೆ. ಪತ್ರದ ಕೊನೆಯಲ್ಲಿ ಒಂದು ಸಾಲು ಹಾಕಿ. ಕೆಲವರು ಅಫಿಡವಿಟ್ ಕೂಡ ಕೇಳಬಹುದು.

ಸ್ಟಾಪ್ ಬೋರ್ಡ್

ಕಬಡ್ಡಿ, ರಿಲೇ ಬೇಡ. ಡಿಸ್ಕಸ್ ಇರಲಿ, ಆದರೆ ತಟ್ಟೆಯ ತೂಕ, ದೂರ ಇದ್ದರೆ ಮಾತ್ರ. ಎರಡು ಎಸೆತ ಮಾಡುವವನು ಕಾಲೇಜು ತಂಡಕ್ಕೆ ಉಪಯೋಗ. ಕೂಟದ ದೂರ ಇಲ್ಲದಿದ್ದರೆ ಬಿಟ್ಟುಬಿಡಿ.

ವಿಡಿಯೋ ಕೇಳಿದರೆ ಪಕ್ಕದಿಂದ ಒಂದು, ಹಿಂದಿನಿಂದ ಒಂದು ತೆಗೆಯಿರಿ. ವೃತ್ತ ಪೂರ್ತಿ ಕಾಣಬೇಕು. ವೃತ್ತದೊಳಗೆ ಕಾಲಿಡುವುದರಿಂದ ಹೊರಗೆ ಬರುವವರೆಗೆ ಕತ್ತರಿಸದೆ ಇರಬೇಕು. ಹಾಡು ಹಾಕಬೇಡಿ.

ಎಸೆತಗಾರನ ಅಕ್ಕ

ನಿನ್ನೆ ರಾತ್ರಿ ಅವನೇ ಕೂತು ಮತ್ತೆ ಬರೆದ. ಡಿಸ್ಕಸ್ ಬಿಟ್ಟ, ದೂರ ಅವನ ಹತ್ತಿರ ಇರಲಿಲ್ಲ. ನೋಡಿ.

> ಗೆ: ಪ್ರಾಂಶುಪಾಲರು (ದೈಹಿಕ ಶಿಕ್ಷಣ ನಿರ್ದೇಶಕರ ಮೂಲಕ)
>
> ವಿಷಯ: ಪ್ರಥಮ ಬಿ.ಕಾಂ.ಗೆ ಕ್ರೀಡಾ ಕೋಟಾದಲ್ಲಿ ಸೀಟು ಕೋರಿ. ಕ್ರೀಡೆ: ಗುಂಡು ಎಸೆತ.
>
> ಮಾನ್ಯರೇ,
>
> ನಾನು ಈ ವರ್ಷ ಹನ್ನೆರಡನೇ ತರಗತಿ ಮುಗಿಸಿದ್ದೇನೆ. ಈ ವರ್ಷದ ರಾಜ್ಯ ಮಟ್ಟದ ಶಾಲಾ ಕೂಟದಲ್ಲಿ, 19 ವರ್ಷದೊಳಗಿನವರ ಗುಂಡು ಎಸೆತದಲ್ಲಿ 6 ಕೆಜಿ ಗುಂಡನ್ನು 13.86 ಮೀಟರ್ ಎಸೆದು ಮೂರನೇ ಸ್ಥಾನ ಪಡೆದೆ (ಲಗತ್ತು 1). ಅದೇ ವರ್ಷ ಜಿಲ್ಲಾ ಮಟ್ಟದಲ್ಲಿ 6 ಕೆಜಿಯಲ್ಲಿ 13.41 ಮೀಟರ್, ಮೊದಲ ಸ್ಥಾನ (ಲಗತ್ತು 2). ಹಿಂದಿನ ವರ್ಷ ಜಿಲ್ಲಾ ಮಟ್ಟದಲ್ಲಿ, 17 ವರ್ಷದೊಳಗಿನವರಲ್ಲಿ 5 ಕೆಜಿಯಲ್ಲಿ 14.62 ಮೀಟರ್, ಮೊದಲ ಸ್ಥಾನ (ಲಗತ್ತು 3).
>
> ನನ್ನ ಎತ್ತರ 183 ಸೆಂಟಿಮೀಟರ್, ತೂಕ 84 ಕೆಜಿ. ಬಲಗೈಯಲ್ಲಿ, ಗ್ಲೈಡ್ ಮಾಡಿ ಎಸೆಯುತ್ತೇನೆ. ವಾರಕ್ಕೆ ಐದು ದಿನ ಶಾಲೆಯ ದೈಹಿಕ ಶಿಕ್ಷಕರ ಜೊತೆ ಅಭ್ಯಾಸ ಮಾಡುತ್ತೇನೆ. ಎಸೆತದ ಕೋಚ್ ಬಳಿಯಾಗಲಿ ವ್ಯಾಯಾಮಶಾಲೆಯಲ್ಲಾಗಲಿ ಇದುವರೆಗೆ ತರಬೇತಿ ಪಡೆದಿಲ್ಲ.
>
> 7.26 ಕೆಜಿ ಗುಂಡನ್ನು ಕೂಟದಲ್ಲಿ ಇನ್ನೂ ಎಸೆದಿಲ್ಲ. ಈ ವಾರ ಮೊದಲ ಬಾರಿ ಎಸೆದು ಅಳೆದಾಗ 11.84 ಮೀಟರ್ ಬಂತು. ಈಗ ಅದರಲ್ಲೇ ಅಭ್ಯಾಸ ಶುರು ಮಾಡಿದ್ದೇನೆ.
>
> ಟ್ರಯಲ್‌ನಲ್ಲಿ ಯಾವ ತೂಕದ ಗುಂಡು ಇರುತ್ತದೆ ಎಂದು ತಿಳಿಸಬೇಕೆಂದು ಕೋರುತ್ತೇನೆ. ಲಗತ್ತು 1ರಲ್ಲಿ ನನ್ನ ಇನಿಷಿಯಲ್ ಬಿಟ್ಟುಹೋಗಿದೆ, ಮುಖ್ಯೋಪಾಧ್ಯಾಯರ ದೃಢೀಕರಣ ಲಗತ್ತು 4ರಲ್ಲಿದೆ.
>
> ಇಂತಿ ತಮ್ಮ ವಿಶ್ವಾಸಿ,

ರಾಷ್ಟ್ರ ಮಟ್ಟದ್ದನ್ನು ಪೂರ್ತಿ ಬಿಟ್ಟಿದ್ದಾನೆ. ಅಪ್ಪನಿಗೆ ಸ್ವಲ್ಪ ನೋವಾಯ್ತು. ದುಡ್ಡು ಹೊಂದಿಸಿ ಕಳಿಸಿದ್ದು ಅವರೇ.

ಮೂರನೇ ಬೆಂಚು

ಖಾಸಗಿ ಕೂಟ ಅಂತ ಕೊನೆಯಲ್ಲಿ ಒಂದು ಸಾಲು ಹಾಕಬಹುದಿತ್ತು. 'ರಾಷ್ಟ್ರ ಮಟ್ಟ' ಅನ್ನದೆ, 5 ಕೆಜಿ, 14.90 ಅಂತ. ದೂರ ಸುಳ್ಳಲ್ಲವಲ್ಲ.

ಕಡತದ ಮೇಜು

ಹಾಗೆ ಬರೆದರೆ ತಪ್ಪೇನಿಲ್ಲ. ಆದರೆ ಆ ದೂರವನ್ನು ಅಳೆದವರು ಯಾರು, ಗುಂಡು ತೂಗಿದರಾ ಅಂತ ಯಾರಾದರೂ ಕೇಳಿದರೆ ಹುಡುಗನ ಹತ್ತಿರ ಉತ್ತರ ಇದೆಯಾ? ಇದ್ದರೆ ಹಾಕಲಿ.

ಎಸೆತಗಾರನ ಅಕ್ಕ

ಕೇಳಿದೆ. ಗುಂಡು ತೂಗಿದ್ದು ಅವನು ನೋಡಿಲ್ಲವಂತೆ. ಹಾಗಾಗಿ ಬೇಡ ಅಂದ.

ಸ್ಟಾಪ್ ಬೋರ್ಡ್

ಪತ್ರ ನನ್ನ ಮೇಜಿಗೆ ಬಂದಿದ್ದರೆ ಹುಡುಗನನ್ನು ಟ್ರಯಲ್‌ಗೆ ಕರೆಯುತ್ತಿದ್ದೆ. ಸೀಟು ಸಿಗುತ್ತದೆ ಅಂತ ಹೇಳಲಾರೆ. ಆ ಕಾಲೇಜಿನಲ್ಲಿ ಆಗಲೇ ಇಬ್ಬರು ಗುಂಡು ಎಸೆಯುವವರು ಇದ್ದರೆ ಅವರು ಜಿಗಿತದವನನ್ನೋ ಓಟದವನನ್ನೋ ನೋಡುತ್ತಾರೆ. ಹಾಗಾಗಿ ಒಂದೇ ಕಾಲೇಜಿಗೆ ಹಾಕಿ ಕೂರಬೇಡಿ. ಬೇರೆ ಕಡೆಗೂ ಇದೇ ಪತ್ರ, ವಿಷಯದ ಸಾಲು ಮಾತ್ರ ಬದಲಿಸಿ.

ಗೆರೆ ಮುಟ್ಟಿದವ

ಪತ್ರ ಚೆನ್ನಾಗಿದೆ. 11.84ರ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಬದಲಾಗಿಲ್ಲ. ಟ್ರಯಲ್ ಆದಮೇಲೆ ಅವರು ಆ ಸಾಲಿನ ಬಗ್ಗೆ ಏನಾದರೂ ಕೇಳಿದರಾ ಅಂತ ದಯವಿಟ್ಟು ಇಲ್ಲಿ ಬರೆಯಿರಿ.

ಎಸೆತಗಾರನ ಅಕ್ಕ

ಖಂಡಿತ ಬರೆಯುತ್ತೇನೆ. ಮೂರು ಕಾಲೇಜಿಗೆ ಕೊಟ್ಟು ಬಂದ. ಒಂದು ಕಡೆಯಿಂದ ಉತ್ತರ ಬಂದಿದೆ, ಟ್ರಯಲ್‌ಗೆ 7.26 ಅಂತೆ, ಮೂರು ಎಸೆತ. ಇವತ್ತಿನಿಂದ ನಿಂತಲ್ಲಿಂದಲೇ ಎಸೆಯುತ್ತಿದ್ದಾನೆ.